ಒಂಬತ್ತು ವರ್ಷದ ಜೀರೋ ಬ್ಯಾಲೆನ್ಸ್ ಖಾತೆ: ಐದನೇ ಸಲ ದುಡ್ಡು ತೆಗೆಯುವ ಮುಂಚೆ

2017ರಲ್ಲಿ ನಮ್ಮೂರಿನ ಹತ್ತಿರದ ಶಾಖೆಯಲ್ಲಿ ನಾನೂ ಅಮ್ಮನೂ ಒಂದೇ ದಿನ ಜೀರೋ ಬ್ಯಾಲೆನ್ಸ್ ಖಾತೆ ಮಾಡಿಸಿದೆವು. ನನ್ನದಕ್ಕೆ ಹೊಲಿಗೆ ಕೆಲಸದ ದುಡ್ಡು ಬರುತ್ತದೆ. ಅಮ್ಮನದಕ್ಕೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ. ಇಷ್ಟು ವರ್ಷದಲ್ಲಿ ಖಾತೆ ಖಾಲಿ ಇತ್ತೆಂದು ಒಂದು ಪೈಸೆಯೂ ಕಡಿತವಾಗಿಲ್ಲ. ಮೂರು ತಿಂಗಳು ಸೊನ್ನೆ ಇದ್ದಾಗಲೂ ಖಾತೆ ಹಾಗೇ ಇತ್ತು. ಆ ವಿಷಯದಲ್ಲಿ ನನಗೆ ದೂರಿಲ್ಲ. ದುಡ್ಡು ಹೋದದ್ದು ಬೇರೆ ಕಡೆ.

ಈ ಖಾತೆಗೆ ರಿಸರ್ವ್ ಬ್ಯಾಂಕ್ ಇಟ್ಟಿರುವ ಹೆಸರು ಮೂಲ ಉಳಿತಾಯ ಖಾತೆ. 2012ರಿಂದ ಈ ಹೆಸರಲ್ಲೇ ನಡೆಯುತ್ತಿದೆ, ಜನಧನ್ ಖಾತೆಗಳೂ ಇದೇ ಜಾತಿಯವು. ಹಣ ಹಾಕುವುದಕ್ಕೆ ಎಷ್ಟು ಸಲ, ಎಷ್ಟು ಮೊತ್ತ ಎಂಬ ಮಿತಿ ಇಲ್ಲ, ಶುಲ್ಕವೂ ಇಲ್ಲ. ಎಟಿಎಂ ಕಾರ್ಡ್ ಪುಕ್ಕಟೆ, ವರ್ಷಕ್ಕೊಮ್ಮೆ ಹಿಡಿಯುವ ಕಾರ್ಡ್ ಶುಲ್ಕವೂ ಇಲ್ಲ. ತೆಗೆಯುವುದಕ್ಕೆ ಮಾತ್ರ ಲೆಕ್ಕವಿದೆ: ತಿಂಗಳಿಗೆ ಕನಿಷ್ಠ ನಾಲ್ಕು ಸಲ ಉಚಿತ. ಈ 'ಕನಿಷ್ಠ' ಎಂಬ ಮಾತನ್ನು ಗಮನಿಸಿ. ಬ್ಯಾಂಕಿಗೆ ಮನಸ್ಸಿದ್ದರೆ ಐದಾರು ಸಲ ಕೊಡಬಹುದು, ನಾಲ್ಕಕ್ಕಿಂತ ಕಡಿಮೆ ಮಾಡುವಂತಿಲ್ಲ. ನಮ್ಮ ಬ್ಯಾಂಕ್ ಸರಿಯಾಗಿ ನಾಲ್ಕಕ್ಕೆ ನಿಲ್ಲಿಸಿದೆ.

2023ರ ನವೆಂಬರ್‌ನಲ್ಲಿ ಅಮ್ಮನ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ 17.70 ರೂಪಾಯಿಯ ಎರಡು ಸಾಲು ಕಂಡವು. ಅಮ್ಮ ಗಾಬರಿಯಾದರು, ಯಾರೋ ಕದ್ದಿರಬೇಕು ಅಂದುಕೊಂಡರು. ಕೂತು ಒಂದೊಂದೇ ಎಂಟ್ರಿ ಓದಿದೆ. 4ನೇ ತಾರೀಕು ಎಟಿಎಂನಲ್ಲಿ 500, 11ಕ್ಕೆ ಬ್ಯಾಂಕ್ ಮಿತ್ರನ ಹತ್ತಿರ ಹೆಬ್ಬೆಟ್ಟು ಒತ್ತಿ 1,000, 18ಕ್ಕೆ ಮತ್ತೆ ಎಟಿಎಂನಲ್ಲಿ 500, ಆಮೇಲೆ ಶಾಖೆಯಲ್ಲಿ ಸ್ಲಿಪ್ ಬರೆದು 1,500. ಅಲ್ಲಿಗೆ ನಾಲ್ಕು ಮುಗಿಯಿತು. 28ಕ್ಕೆ ಔಷಧಿಗೆಂದು 500, 29ಕ್ಕೆ ಬಸ್ ಚಾರ್ಜಿಗೆಂದು 200 ತೆಗೆದಿದ್ದರು. ಒಂದೊಂದಕ್ಕೂ 15 ರೂಪಾಯಿ ಶುಲ್ಕ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಹಾಗಾಗಿ 700 ರೂಪಾಯಿ ಕೈಗೆ ಬರಲು 35.40 ಹೋಯಿತು.

ಅಮ್ಮ ತಿಳಿದದ್ದು ಎಟಿಎಂಗೆ ನಾಲ್ಕು, ಬ್ಯಾಂಕಿಗೆ ಬೇರೆ, ಬ್ಯಾಂಕ್ ಮಿತ್ರನಿಗೆ ಬೇರೆ ಅಂತ. ಹಾಗಲ್ಲ. ಸ್ವಂತ ಬ್ಯಾಂಕಿನ ಎಟಿಎಂ, ಬೇರೆ ಬ್ಯಾಂಕಿನ ಎಟಿಎಂ, ಕೌಂಟರ್, ಹೆಬ್ಬೆಟ್ಟಿನ ಮಷಿನ್, ಎಲ್ಲ ಸೇರಿ ನಾಲ್ಕು. ನೂರು ರೂಪಾಯಿ ತೆಗೆದರೂ ಒಂದು, ಐದು ಸಾವಿರ ತೆಗೆದರೂ ಒಂದೇ. ಹೀಗಾಗಿ ಈ ನಿಯಮದ ಏಟು ಹೆಚ್ಚು ಬೀಳುವುದು ಸ್ವಲ್ಪ ಸ್ವಲ್ಪ ತೆಗೆಯುವವರಿಗೆ. ಮನೆಯಲ್ಲಿ ದುಡ್ಡಿದ್ದರೆ ಖರ್ಚಾಗುತ್ತದೆಂದು ಬ್ಯಾಂಕಿನಲ್ಲೇ ಬಿಟ್ಟು ಬೇಕಾದಾಗ ಇನ್ನೂರು ಮುನ್ನೂರು ತೆಗೆಯುವ ಅಮ್ಮನಂಥ ಹೆಂಗಸರೇ ದಂಡ ಕಟ್ಟುತ್ತಾರೆ. ಬಡವರಿಗೆಂದೇ ಮಾಡಿದ ಖಾತೆಯಲ್ಲಿ ಇದು ನನಗೆ ಇವತ್ತಿಗೂ ಅನ್ಯಾಯವಾಗಿಯೇ ಕಾಣುತ್ತದೆ.

ನನ್ನ ಖಾತೆಯಲ್ಲಿ ಆದದ್ದು ಬೇರೆ ಥರ. 2020ರ ಮಾರ್ಚ್‌ನಲ್ಲಿ ಎಟಿಎಂಗೆ ಹೋದದ್ದು ನಾಲ್ಕೇ ಸಲ, ಆದರೂ 17.70ರ ಐದು ಎಂಟ್ರಿ. ನೋಡಿದರೆ ಫೋನಿನಿಂದ ದಾರ, ಗುಂಡಿ ತಂದ ಅಂಗಡಿಗೆ ಯುಪಿಐ ಮಾಡಿದ್ದನ್ನೂ 'ತೆಗೆದದ್ದು' ಅಂತ ಎಣಿಸಿದ್ದರು. ಆಮೇಲೆ ಅದೇ ಆಗಸ್ಟ್‌ನಲ್ಲಿ, 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗೆ ಹಿಡಿದ ಶುಲ್ಕ ವಾಪಸ್ ಕೊಡಬೇಕೆಂದು ನೇರ ತೆರಿಗೆ ಮಂಡಳಿ ಬ್ಯಾಂಕುಗಳಿಗೆ ಹೇಳಿತು. ಪಾಸ್‌ಬುಕ್ಕಿನ ಆ ಪುಟದ ಜೆರಾಕ್ಸ್ ಲಗತ್ತಿಸಿ ಮ್ಯಾನೇಜರ್‌ಗೆ ಅರ್ಜಿ ಬರೆದೆ, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡೆ. 88.50 ರೂಪಾಯಿ ಖಾತೆಗೆ ಬಂತು. ಬಾಯಲ್ಲಿ ಕೇಳಿದಾಗ ಎರಡು ಸಲ 'ಸಿಸ್ಟಂನಲ್ಲೇ ಹಾಗೆ ಮೇಡಂ' ಅಂದಿದ್ದರು. ಸೀಲು ಬಿದ್ದ ಪ್ರತಿ ಕೈಯಲ್ಲಿದ್ದರೆ, 30 ದಿನದಲ್ಲಿ ಉತ್ತರ ಬರದಿದ್ದಾಗ ರಿಸರ್ವ್ ಬ್ಯಾಂಕಿನ cms.rbi.org.in ತಾಣದಲ್ಲಿ ಪುಕ್ಕಟೆ ದೂರು ಕೊಡಬಹುದು. ನನಗೆ ಅಲ್ಲಿಗೆ ಹೋಗುವ ಸಂದರ್ಭ ಬರಲಿಲ್ಲ.

ಈಗ ಆ ಗೊಂದಲಕ್ಕೆ ಜಾಗವಿಲ್ಲ. 2025ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ, 2026ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಲ್ಲಿ ಯುಪಿಐ, ನೆಫ್ಟ್, ಕಾರ್ಡ್ ಸ್ವೈಪ್ ಇವನ್ನು ಆ ನಾಲ್ಕರಲ್ಲಿ ಎಣಿಸಬಾರದು ಎಂದು ಸ್ಪಷ್ಟವಾಗಿದೆ. ಕೇಳಿದವರಿಗೆ ವರ್ಷಕ್ಕೆ 25 ಹಾಳೆಯ ಚೆಕ್‌ಬುಕ್, ಮೊಬೈಲ್ ಬ್ಯಾಂಕಿಂಗ್, ಪಾಸ್‌ಬುಕ್ ಎಲ್ಲ ಉಚಿತ. ಮೊದಲು ಚೆಕ್‌ಬುಕ್, ಮೊಬೈಲ್ ಬ್ಯಾಂಕಿಂಗ್ ಕೊಡುವುದು ಬಿಡುವುದು ಬ್ಯಾಂಕಿನ ಇಷ್ಟಕ್ಕೆ ಬಿಟ್ಟದ್ದಾಗಿತ್ತು.

ಇನ್ನು ಹತ್ತು ಸಾವಿರದ ಗೊಂದಲ. ಅಮ್ಮ ಒಮ್ಮೆ 15,000 ತೆಗೆಯಲು ಹೋದಾಗ 'ಜೀರೋ ಬ್ಯಾಲೆನ್ಸ್ ಖಾತೆಗೆ ತಿಂಗಳಿಗೆ ಹತ್ತೇ ಸಾವಿರ ಅಮ್ಮಾ' ಅಂದು ವಾಪಸ್ ಕಳಿಸಿದರು. ಅದು ತಪ್ಪು. ಆ ಮಿತಿ ಇರುವುದು 'ಸ್ಮಾಲ್ ಅಕೌಂಟ್' ಎಂಬ ಖಾತೆಗೆ, ಅಂದರೆ ಸರಿಯಾದ ಗುರುತಿನ ದಾಖಲೆ ಇಲ್ಲದೆ ಬರೀ ಫೋಟೋ, ಸಹಿ ಅಥವಾ ಹೆಬ್ಬೆಟ್ಟಿನ ಮೇಲೆ ತೆರೆದದ್ದಕ್ಕೆ. ಅದರಲ್ಲಿ ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ, ಯಾವಾಗಲೂ 50,000ಕ್ಕಿಂತ ಹೆಚ್ಚು ಇರುವಂತಿಲ್ಲ, ವರ್ಷಕ್ಕೆ ಒಟ್ಟು ಒಂದು ಲಕ್ಷಕ್ಕಿಂತ ಹೆಚ್ಚು ಜಮೆಯಾಗುವಂತಿಲ್ಲ. ನನ್ನ ಚಿಕ್ಕಪ್ಪನ ಮಗನದು ಅಂಥದ್ದು. ಗಾರೆ ಕೆಲಸಕ್ಕೆ ಮೇಸ್ತ್ರಿ 60,000 ಮುಂಗಡ ಕಳಿಸಿದಾಗ ಜಮೆಯಾಗದೆ ಹಿಂದಕ್ಕೆ ಹೋಯಿತು, ಮೇಸ್ತ್ರಿಗೆ ಇವನ ಮೇಲೇ ಅನುಮಾನ. ಆಧಾರ್ ಕೊಟ್ಟು, ಪ್ಯಾನ್ ಇಲ್ಲದ್ದಕ್ಕೆ ಫಾರಂ 60 ತುಂಬಿ ಕೆವೈಸಿ ಪೂರ್ತಿ ಮಾಡಿಸಿದ ಮೇಲೆ ಮಿತಿ ಹೋಯಿತು.

ಅಮ್ಮನದು ಮೊದಲಿನಿಂದಲೂ ಆಧಾರ್ ಕೊಟ್ಟು ತೆರೆದ ಖಾತೆ. ಕೌಂಟರಿನಲ್ಲಿ 'ಇದು ಸ್ಮಾಲ್ ಅಕೌಂಟಾ, ಕೆವೈಸಿ ಪೂರ್ತಿ ಇದೆಯಾ, ಒಮ್ಮೆ ಸ್ಕ್ರೀನ್ ನೋಡಿ ಹೇಳಿ' ಎಂದು ಕೇಳಿದ ಮೇಲೆ 15,000 ಕೊಟ್ಟರು. ಹೆಬ್ಬೆಟ್ಟಿನ ಮಷಿನ್‌ನಲ್ಲಿ ಒಂದು ಸಲಕ್ಕೆ 10,000ದ ಮಿತಿ ಇರುವುದೂ ನಿಜ. ಜನರ ಬಾಯಲ್ಲಿ ಎರಡೂ ಕಲೆಸಿಹೋಗಿರಬೇಕು.

ಇನ್ನೊಂದು ಷರತ್ತು ನನಗೆ ತಡವಾಗಿ ಗೊತ್ತಾಯಿತು. ಈ ಖಾತೆ ಇರುವ ಬ್ಯಾಂಕಿನಲ್ಲೇ ಮತ್ತೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ. ಮೊದಲೇ ಇದ್ದರೆ 30 ದಿನದಲ್ಲಿ ಮುಚ್ಚಬೇಕು. ಮಾಮೂಲಿ ಖಾತೆಯಲ್ಲಿ ಕನಿಷ್ಠ ಬ್ಯಾಲೆನ್ಸ್ ದಂಡ ಕಟ್ಟುತ್ತಿರುವವರು ಅದನ್ನೇ ಇದಕ್ಕೆ ಬದಲಿಸಿಕೊಡಿ ಎಂದು ಲಿಖಿತವಾಗಿ ಕೇಳಬಹುದು, ಹೊಸ ನಿಯಮದಂತೆ ಏಳು ದಿನದಲ್ಲಿ ಮಾಡಿಕೊಡಬೇಕು.

ಈಗ ಅಮ್ಮ ಪಾಸ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ತೆಗೆದಾಗಲೆಲ್ಲ ಪೆನ್ಸಿಲ್‌ನಲ್ಲಿ ಒಂದು ಗೀಟು ಎಳೆಯುತ್ತಾರೆ, ಒಂದನೇ ತಾರೀಕು ಅಳಿಸುತ್ತಾರೆ. ಮೂರನೇ ಗೀಟು ಬಿದ್ದ ಮೇಲೆ ನನ್ನನ್ನು ಕೇಳುತ್ತಾರೆ. ಅಂಗಡಿಗೆ ಕೊಡುವ ದುಡ್ಡಾದರೆ ನಾನು ಫೋನಿನಿಂದ ಕಳಿಸುತ್ತೇನೆ, ನಾಲ್ಕನೆಯದು ತಿಂಗಳ ಕೊನೆಗೆ ಉಳಿಯುತ್ತದೆ.