ಒಂಟಿ ಶೀಟ್‌ನಲ್ಲಿ 66, ಬಟನ್‌ನಲ್ಲಿ 60: ರಬ್ಬರ್ ಒಂದೇ, ಲೆಕ್ಕ ಎರಡು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಾವು ಮಾಡುವ ನೈಟ್ರೈಲ್ ಗ್ಯಾಸ್ಕೆಟ್ 2 ಮಿ.ಮೀ. ದಪ್ಪದ್ದು. ಡ್ರಾಯಿಂಗ್‌ನಲ್ಲಿ ಗಡಸುತನ ಶೋರ್ ಎ ಅಳತೆಯಲ್ಲಿ 60, ಹೆಚ್ಚುಕಡಿಮೆ 5 ಪಾಯಿಂಟ್. ಗಿರಾಕಿಯ ಕಡೆಯವರು ‘66 ಬರ್ತಿದೆ’ ಅಂತ ಒಂದು ಲಾಟ್ ವಾಪಸ್ ಕಳಿಸಿದರು. ರಬ್ಬರ್ ಮಿಶ್ರಣ, ಅಂದರೆ ಕಾಂಪೌಂಡ್ ಕೊಟ್ಟವರ ಸರ್ಟಿಫಿಕೇಟ್‌ನಲ್ಲಿ 60 ಇತ್ತು. ಯಾರ ಮಾತು ಸರಿ ಅಂತ ನೋಡಲು ಅದೇ ಕಾಂಪೌಂಡನ್ನು ಒಂಟಿ ಶೀಟ್, ಮೂರು ಶೀಟ್ ಪೇರಿಸಿದ್ದು, 6 ಮಿ.ಮೀ. ದಪ್ಪದ ಬಿಲ್ಲೆ, ಅಂದರೆ ಬಟನ್, ಹೀಗೆ ಮೂರು ರೂಪದಲ್ಲಿಟ್ಟು, ಗಡಸುತನ ಅಳೆಯುವ ಒಂದೇ ಡ್ಯೂರೋಮೀಟರಿನಲ್ಲಿ ಅಳೆದೆ. ಕೈಯಲ್ಲಿ ಒತ್ತಿದರೆ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ರೀಡಿಂಗ್ ಬರುತ್ತದೆ, ಹಾಗಾಗಿ 1 ಕೆ.ಜಿ. ತೂಕದ ಸ್ಟ್ಯಾಂಡ್ ಬಳಸಿದೆ.

ಒಂಟಿ ಶೀಟನ್ನು ಉಕ್ಕಿನ ಮೇಜಿನ ಮೇಲಿಟ್ಟು 3 ಸೆಕೆಂಡಿಗೆ ಓದಿದಾಗ 66 ಬಂತು. ಗಿರಾಕಿ ಸುಳ್ಳು ಹೇಳಿರಲಿಲ್ಲ. ಆದರೆ ಮೀಟರಿನ ಒಳಗೆ ಆಗುವುದನ್ನು ನೋಡಿ. ಶೋರ್ ಎ ಸೂಜಿ 2.5 ಮಿ.ಮೀ. ಹೊರಗೆ ಚಾಚಿರುತ್ತದೆ. ಅದು ರಬ್ಬರಿಗೆ ಚೂರೂ ಇಳಿಯದಿದ್ದರೆ 100, ಪೂರ್ತಿ ಇಳಿದರೆ 0, ಒಂದು ಪಾಯಿಂಟ್ ಅಂದರೆ 0.025 ಮಿ.ಮೀ. ಅಂದರೆ 60ರ ರಬ್ಬರಿನಲ್ಲಿ ಸೂಜಿ ಸರಿಯಾಗಿ 1 ಮಿ.ಮೀ. ಇಳಿಯಬೇಕು. 2 ಮಿ.ಮೀ. ಶೀಟಿಗೆ ಅದು ಅರ್ಧ ದಪ್ಪ. ತೆಳು ಚಾಪೆಯ ಮೇಲೆ ಮಂಡಿಯೂರಿದರೆ ನೆಲ ತಾಗುವಂತೆ, ಕೆಳಗಿನ ಉಕ್ಕು ಅಡ್ಡ ಬಂದು ರೀಡಿಂಗ್ ಏರುತ್ತದೆ. ರಬ್ಬರ್ ಮೆತ್ತಗಾದಷ್ಟೂ ಈ ಕಾಟ ಜಾಸ್ತಿ: 40ರ ರಬ್ಬರಿನಲ್ಲಿ ಸೂಜಿ 1.5 ಮಿ.ಮೀ. ಇಳಿಯಬೇಕು, ಕೆಳಗೆ ಉಳಿಯುವುದು ಅರ್ಧ ಮಿ.ಮೀ. ಮಾತ್ರ. ಸ್ಟ್ಯಾಂಡರ್ಡ್‌ಗಳು ಕನಿಷ್ಠ 6 ಮಿ.ಮೀ. ಕೇಳುವುದು ಇದಕ್ಕೇ.

ಮೂರು ಶೀಟ್ ಪೇರಿಸಿದಾಗ 60ಕ್ಕೆ ಇಳಿಯಿತು. ಪೇರಿಸುವುದಕ್ಕೆ ಸ್ಟ್ಯಾಂಡರ್ಡ್ ಒಪ್ಪುತ್ತದೆ, ಆದರೆ ಪದರಗಳ ನಡುವೆ ಗಾಳಿ ಉಳಿಯಬಾರದು. ಶೀಟಿಗೆ ಅಂಟಿದ ಟಾಲ್ಕ್ ಪೌಡರ್ ಒರೆಸದೆ, ಅಂಚು ಸ್ವಲ್ಪ ಮುರುಟಿದ ತುಂಡುಗಳನ್ನೇ ಬೇಕಂತಲೇ ಪೇರಿಸಿ ನೋಡಿದೆ, 57 ತೋರಿಸಿತು. 0.1 ಮಿ.ಮೀ. ಸಂದು ಸೂಜಿಯ ಕೆಳಗೆ ಮುಚ್ಚಿಕೊಂಡರೂ 4 ಪಾಯಿಂಟ್ ಹೋಗಬಹುದು ಅನ್ನುವುದು ಮೇಲಿನ ಲೆಕ್ಕದಿಂದಲೇ ಗೊತ್ತಾಗುತ್ತದೆ. ಗುರುತಿಸುವುದು ಸುಲಭ: ಅದೇ ಪೇರಿಕೆಯಲ್ಲಿ 6 ಮಿ.ಮೀ. ಆಚೆ ಇನ್ನೊಂದು ಜಾಗದಲ್ಲಿ ಅಳೆದಾಗ ರೀಡಿಂಗ್ ಎಗರಾಡಿದರೆ ನಡುವೆ ಗಾಳಿಯಿದೆ ಅಂತಲೇ ಅನುಮಾನಿಸಿ.

ಬಟನ್ ಕೂಡ 60. ಅಳೆಯಲು ಇದೇ ಆರಾಮ, ಪ್ರತಿ ಸಲವೂ ಒಂದೇ ರೀತಿ ಬರುತ್ತದೆ. ಆದರೆ ಅದು ಕಾಂಪೌಂಡಿನ ಗಡಸುತನ, ಗ್ಯಾಸ್ಕೆಟ್ಟಿನದಲ್ಲ. ದಪ್ಪ ಬಟನ್ನಿನ ಒಳಕ್ಕೆ ಬಿಸಿ ತಲುಪಲು ಹೊತ್ತು ಬೇಕು. ಶೀಟಿನಷ್ಟೇ ಸಮಯ ಪ್ರೆಸ್‌ನಲ್ಲಿಟ್ಟರೆ ನಡುಭಾಗ ಪೂರ್ತಿ ಕ್ಯೂರ್ ಆಗದೆ ಮೆತ್ತಗೆ ಉಳಿಯಬಹುದು. ಗ್ಯಾಸ್ಕೆಟ್ ಪ್ರೆಸ್‌ನಲ್ಲಿ ಹೇಗೆ ಬೆಂದಿದೆ ಅಂತ ತಿಳಿಯಬೇಕಾದರೆ ಪೇರಿಸಿದ್ದೇ ಗತಿ.

ಇನ್ನು ಒತ್ತಿ ಹಿಡಿಯುವ ಸಮಯ. ಸೂಜಿ ಇಳಿದ ಮೇಲೂ ರಬ್ಬರ್ ಸೋಲುತ್ತಲೇ ಇರುತ್ತದೆ. ಬಟನ್ನಿನಲ್ಲಿ 1 ಸೆಕೆಂಡಿಗೆ 62, 3ಕ್ಕೆ 60, 15ಕ್ಕೆ 57. ಡಯಲ್ ಮೀಟರಿನ ಕೆಂಪು ಮುಳ್ಳು ಅತಿ ಹೆಚ್ಚಿನ ರೀಡಿಂಗಿನಲ್ಲೇ ನಿಂತುಬಿಡುತ್ತದೆ, ಅದನ್ನು ಓದುವವರು ಸದಾ ಮೇಲಿನ ಅಂಕಿಯನ್ನೇ ಬರೆಯುತ್ತಾರೆ. ಡಿಜಿಟಲ್ ಮೀಟರಿನಲ್ಲಿ ಟೈಮರ್ ಇದೆ, ನನಗೆ ಅದೇ ಮೇಲು. ಯಾವ ರಬ್ಬರಿಗೆ ಎಷ್ಟು ಇಳಿಯುತ್ತದೆ ಅನ್ನುವುದು ಬೇರೆಬೇರೆ: ಫಿಲ್ಲರ್ ಕಡಿಮೆ ಇರುವ ನ್ಯಾಚುರಲ್ ರಬ್ಬರ್ ಬೇಗ ನಿಲ್ಲುತ್ತದೆ, ಬ್ಯುಟೈಲ್ ಜಾರುತ್ತಲೇ ಇರುತ್ತದೆ. ‘3 ಪಾಯಿಂಟ್ ಕಳೆದುಬಿಡಿ’ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಎಡವಟ್ಟಾಗುವುದು ಎರಡೂ ಸೇರಿದಾಗ. ದಪ್ಪ ಸಾಲದಿದ್ದರೆ ಅಂಕಿ ಏರುತ್ತದೆ, ಹೊತ್ತು ಹೆಚ್ಚಾದರೆ ಇಳಿಯುತ್ತದೆ. ವಾಪಸ್ ಬಂದ ಅದೇ ಒಂಟಿ ಶೀಟನ್ನು 15 ಸೆಕೆಂಡಿಗೆ ಓದಿದೆ, 64 ಬಂತು. ಅಂದರೆ ಪಾಸ್! ಅದೇ ಶೀಟ್, ಅದೇ ಮೀಟರ್, ಬದಲಾಗಿದ್ದು ಬರೀ ಹಿಡಿದ ಹೊತ್ತು. ಎರಡು ತಪ್ಪು ಒಂದನ್ನೊಂದು ತಿಂದು ಪಾಸ್ ಆದ ಲಾಟಿಗಿಂತ ಫೇಲ್ ಆದ ಲಾಟೇ ವಾಸಿ, ಯಾಕೆಂದರೆ ಪಾಸಾದದ್ದನ್ನು ಮತ್ತೆ ಯಾರೂ ಅಳೆಯುವುದಿಲ್ಲ.

ಮಂಡ್ಯದ ರೈಸ್ ಮಿಲ್‌ಗಳ ರಬ್ಬರ್ ರೋಲಿಗೆ ಹೊಸದರಲ್ಲಿ ದಪ್ಪದ ಚಿಂತೆಯಿಲ್ಲ, ಅಲ್ಲಿ ಮೀಟರಿನ ಪಾದ ಬಾಗಿದ ಮೈಮೇಲೆ ಸರಿಯಾಗಿ ಕೂರುವುದೇ ಕಷ್ಟ. ಸವೆದು ಒಳಗಿನ ಲೋಹದ ಡ್ರಮ್ಮಿನ ಹತ್ತಿರ ಬಂದ ರೋಲಿನ ಅಂಕಿಯನ್ನು ಮಾತ್ರ ನಂಬಬೇಡಿ.

ನಾನು ಇಟ್ಟುಕೊಂಡಿದ್ದು ಮೂರು ಶೀಟ್, ಟಾಲ್ಕ್ ಒರೆಸಿ, 3 ಸೆಕೆಂಡ್, ಅಂಚಿನಿಂದ 12 ಮಿ.ಮೀ. ಒಳಗೆ, ಐದು ಜಾಗದ ರೀಡಿಂಗನ್ನು ಏರಿಕೆಯಲ್ಲಿ ಬರೆದಾಗ ನಡುವೆ ಬರುವ ಅಂಕಿ. ಗಿರಾಕಿಯ ಡ್ರಾಯಿಂಗ್‌ನಲ್ಲೂ ಈಗ 60ರ ಪಕ್ಕ ‘3 ಪದರ, 3 ಸೆಕೆಂಡ್’ ಅಂತ ಬರೆಸಿದ್ದೇವೆ.