ತಲಾ ಎರಡು ಲಕ್ಷ, ಎರಡು ವರ್ಷ: ಅವನು ಸುಮ್ಮನಿದ್ದ, ನಾನು ಸುಮ್ಮನಿರಲಿಲ್ಲ

ಊರ ಹೊರಗೆ ಒಂದು ಸೈಟಿಗೆ ನಾನೂ ನನ್ನ ಗೆಳೆಯನೂ ಸೇರಿ ಮುಂಗಡ ಕೊಟ್ಟಿದ್ದೆವು. ಕಾಗದಪತ್ರ ಸರಿಯಿಲ್ಲ ಅಂತ ಗೊತ್ತಾಗಿ ವ್ಯವಹಾರ ಮುರಿಯಿತು. 2023ರ ಮಾರ್ಚ್ ಕೊನೆಗೆ ಹಣ ವಾಪಸ್ ಬಂತು, ತಲಾ 2 ಲಕ್ಷ. ಇಬ್ಬರೂ ಅದನ್ನು ಷೇರು ಮಾರುಕಟ್ಟೆಗೆ ಹಾಕುವುದು ಅಂತ ತೀರ್ಮಾನಿಸಿದೆವು. ಅಷ್ಟರವರೆಗೆ ಮಾತ್ರ ಒಮ್ಮತ.

ಅವನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾನೆ. ದೇಶದ 50 ದೊಡ್ಡ ಕಂಪನಿಗಳ ಷೇರುಗಳ ಸೂಚ್ಯಂಕ ನಿಫ್ಟಿ 50. ಏಪ್ರಿಲ್ ಮೊದಲ ವಾರ, ಅದನ್ನೇ ಅನುಸರಿಸುವ ಒಂದು ಇಂಡೆಕ್ಸ್ ಫಂಡಿನಲ್ಲಿ, ಏಜೆಂಟರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನಿಗೆ ಪೂರ್ತಿ ಹಣ ಹಾಕಿದ. ಸ್ಟಾಂಪ್ ಡ್ಯೂಟಿ ಅಂತ 10 ರೂಪಾಯಿ ಹಿಡಿದುಕೊಂಡರು. ಅವನು ಬೇರೆಯಾಗಿ ಕಟ್ಟಿದ ಖರ್ಚು ಅಂದರೆ ಅದೊಂದೇ. ಫಂಡಿನವರು ವರ್ಷಕ್ಕೆ ನೂರಕ್ಕೆ 20 ಪೈಸೆಯಷ್ಟು ತೆಗೆದುಕೊಳ್ಳುತ್ತಾರೆ, ಅಂದರೆ 400–500 ರೂಪಾಯಿ. ಅದು ಫಂಡಿನ ಒಂದು ಯೂನಿಟ್ಟಿನ ಬೆಲೆಯಾದ ಎನ್‌ಎವಿಯಲ್ಲೇ ಕಳೆದುಹೋಗುತ್ತದೆ.

ನನಗೆ ಅಷ್ಟು ಸುಲಭ ಅನ್ನಿಸಲಿಲ್ಲ, ಅಥವಾ ತೀರಾ ಸುಲಭ ಅನ್ನಿಸಿತು. ಹಣವನ್ನು 50,000ದ ನಾಲ್ಕು ಭಾಗ ಮಾಡಿದೆ. ನಾಲ್ಕು ಷೇರು ಕೊಳ್ಳುವುದು, ಎರಡು ವಾರ ಇಟ್ಟುಕೊಳ್ಳುವುದು, ಆಮೇಲೆ ಮಾರಿ ಬೇರೆ ಕೊಳ್ಳುವುದು. ಕೊಂಡ ದಿನವೇ ಮಾರುವ ಇಂಟ್ರಾಡೇ ಮಾಡಲಿಲ್ಲ, ಆಪ್ಷನ್ಸ್ ಹತ್ತಿರ ಹೋಗಲೇ ಇಲ್ಲ. ಷೇರನ್ನು ಖಾತೆಗೆ ತೆಗೆದುಕೊಂಡು ಇಟ್ಟುಕೊಳ್ಳುವ ಡೆಲಿವರಿಗೆ ಬ್ರೋಕರೇಜ್ ಸೊನ್ನೆ. ಮತ್ತೇನು ಬೇಕು ಅಂದುಕೊಂಡೆ.

ಮೊದಲ ವರ್ಷ ಮಾರುಕಟ್ಟೆ ಓಡಿತು. ನಿಫ್ಟಿ 17,360ರಿಂದ 22,327ಕ್ಕೆ ಬಂತು. 2024ರ ಮಾರ್ಚ್ ಕೊನೆಗೆ ನನ್ನ ಆಪ್‌ನಲ್ಲಿ ಹಸಿರು ಅಕ್ಷರದಲ್ಲಿ 46,000 ಲಾಭ ಕಾಣುತ್ತಿತ್ತು, ಶೇಕಡಾ 23. ಮನೆಯಲ್ಲಿ ಸ್ವಲ್ಪ ಜಂಬವನ್ನೂ ಕೊಚ್ಚಿಕೊಂಡೆ. ಗೆಳೆಯನಿಗೆ ಫೋನ್ ಮಾಡಿದರೆ, “ತಡಿಯೋ, ಪಾಸ್‌ವರ್ಡ್ ಮರೆತುಹೋಗಿದೆ” ಅಂದ. ಇಪ್ಪತ್ತು ನಿಮಿಷ ಬಿಟ್ಟು ಹೇಳಿದ: 2,59,000 ಚಿಲ್ಲರೆ.

ಆ ಹಸಿರು 46,000 ಖರ್ಚು ಕಳೆಯುವ ಮೊದಲಿನ ಲೆಕ್ಕ. ವ್ಯಾಪಾರ ಮಾಡಿದ ದಿನ ಸಂಜೆ ಖರ್ಚಿನ ವಿವರದೊಂದಿಗೆ ಮೇಲ್‌ಗೆ ಬರುವ ಕಾಂಟ್ರಾಕ್ಟ್ ನೋಟನ್ನು ನಾನು ಒಂದು ವರ್ಷ ತೆರೆದೇ ನೋಡಿರಲಿಲ್ಲ. ಅವನ ಫೋನ್ ಇಟ್ಟ ಮೇಲೆ ತೆರೆದೆ. 50,000ದ ಒಂದು ಷೇರು ಕೊಂಡು ಅದೇ ಬೆಲೆಗೆ ಮಾರಿದರೆ ಏನಾಗುತ್ತದೆ ನೋಡಿ. ಕೊಳ್ಳುವಾಗ ಷೇರು ವ್ಯವಹಾರದ ಮೇಲಿನ ತೆರಿಗೆ ಎಸ್‌ಟಿಟಿ 50 ರೂಪಾಯಿ, ಮಾರುವಾಗ ಮತ್ತೆ 50. ಕೊಳ್ಳುವಾಗ ಸ್ಟಾಂಪ್ ಡ್ಯೂಟಿ ಏಳೂವರೆ. ಮಾರಿದ ದಿನ ಡಿಮ್ಯಾಟ್ ಖಾತೆಯ ಡಿಪಿ ಚಾರ್ಜ್ ಸುಮಾರು 15. ಎಕ್ಸ್‌ಚೇಂಜಿನವರ ಶುಲ್ಕ, ಅದರ ಮೇಲಿನ ಜಿಎಸ್‌ಟಿ ಇನ್ನೊಂದು ನಾಲ್ಕು ರೂಪಾಯಿ. ಒಟ್ಟು ಸುಮಾರು 127. ನೋಡಿದರೆ ಏನೂ ಅಲ್ಲ, ಇಬ್ಬರು ಹೋಟೆಲಿನಲ್ಲಿ ತಿಂಡಿ ತಿಂದಷ್ಟು. ಆದರೆ ನಾನು ವಾರಕ್ಕೆ ಎರಡು ಸಲ ಮಾರುತ್ತಿದ್ದೆ, ವರ್ಷಕ್ಕೆ ನೂರರ ಮೇಲೆ. ಹತ್ತಿರ ಹತ್ತಿರ 13,000 ಹೋಗಿತ್ತು. ನನ್ನ ಬಂಡವಾಳದ ಶೇಕಡಾ ಆರೂವರೆ! ಬ್ರೋಕರೇಜ್ ಸೊನ್ನೆ ಅನ್ನುವುದು ಸುಳ್ಳಲ್ಲ. ಬ್ರೋಕರೇಜ್ ಒಂದೇ ಖರ್ಚು ಅಂದುಕೊಂಡದ್ದು ನನ್ನ ತಪ್ಪು.

ಆಮೇಲೆ ತೆರಿಗೆ. ಒಂದು ವರ್ಷದೊಳಗೆ ಮಾರಿದ ಲಾಭಕ್ಕೆ ಆಗ ಶೇಕಡಾ 15, ಮೇಲೆ ಸೆಸ್. (2024ರ ಜುಲೈ 23ರಿಂದ ಅದು 20 ಆಗಿದೆ.) ಆಡಿಟರ್ ಹತ್ತಿರ ಹೋದಾಗ, ಎಸ್‌ಟಿಟಿ ಇಷ್ಟು ಕಟ್ಟಿದ್ದೇನೆ, ಲಾಭದಲ್ಲಿ ಕಳೀರಿ ಸಾರ್ ಅಂದೆ. “ಕ್ಯಾಪಿಟಲ್ ಗೇನ್ಸ್‌ನಲ್ಲಿ ಎಸ್‌ಟಿಟಿ ಕಳೆಯೋ ಹಾಗಿಲ್ಲ” ಅಂದರು. ಅಂದರೆ ಕೈಗೆ ಬಾರದ ದುಡ್ಡಿಗೂ ತೆರಿಗೆ. ಸುಮಾರು 7,000 ಕಟ್ಟಿದೆ. ಉಳಿದದ್ದು 26,000. ಏನೂ ಮಾಡದ ಗೆಳೆಯನಿಗೆ 59,000, ಮಾರದ ಕಾರಣ ತೆರಿಗೆ ಪೈಸೆಯೂ ಇಲ್ಲ.

ಖರ್ಚು ತೆರಿಗೆ ಎರಡನ್ನೂ ಪಕ್ಕಕ್ಕಿಟ್ಟರೂ ನಾನು ಹಿಂದೆಯೇ ಇದ್ದೆ. ಯಾಕೆ ಅಂತ ಹಳೆಯ ಆರ್ಡರ್‌ಗಳನ್ನು ತಿರುವಿ ಹಾಕಿದೆ. ಬಿಇಎಲ್ ಷೇರನ್ನು ನೂರರ ಆಸುಪಾಸಿನಲ್ಲಿ ಕೊಂಡಿದ್ದೆ. 108ಕ್ಕೆ ಮಾರಿ, ಎಂಟು ಪರ್ಸೆಂಟ್ ಬಂತಲ್ಲ ಅಂತ ಖುಷಿಪಟ್ಟಿದ್ದೆ. ವರ್ಷದ ಕೊನೆಗೆ ಅದು 200 ದಾಟಿತ್ತು. ಇಳಿದ ಷೇರನ್ನು ಮಾತ್ರ, ಕೊಂಡ ಬೆಲೆಗೆ ಬರಲಿ ಆಮೇಲೆ ಮಾರೋಣ ಅಂತ ತಿಂಗಳುಗಟ್ಟಲೆ ಇಟ್ಟುಕೊಂಡಿದ್ದೆ. ಎರಡು ವಾರದ ನನ್ನದೇ ನಿಯಮ ಗೆದ್ದ ಷೇರಿಗೆ ಮಾತ್ರ ಅನ್ವಯ ಆಗುತ್ತಿತ್ತು. ಜೊತೆಗೆ ಒಂದು ಮಾರಿ ಇನ್ನೊಂದು ಕೊಳ್ಳುವ ನಡುವೆ ಹಣ ನಾಲ್ಕಾರು ದಿನ ಖಾಲಿ ಕೂರುತ್ತಿತ್ತು.

ಎರಡನೇ ವರ್ಷ ಒಂದೇ ವಾರದಲ್ಲಿ ನಮ್ಮಿಬ್ಬರ ವ್ಯತ್ಯಾಸ ಪೂರ್ತಿ ಕಾಣಿಸಿತು. 2024ರ ಜೂನ್ 3, ಸೋಮವಾರ. ಎಕ್ಸಿಟ್ ಪೋಲ್ ನೋಡಿ ಮಾರುಕಟ್ಟೆ ಜಿಗಿಯಿತು, ನಿಫ್ಟಿ 23,264ಕ್ಕೆ ನಿಂತಿತು. ಉಳಿದ ಹಣವನ್ನೆಲ್ಲ ಸರ್ಕಾರಿ ಕಂಪನಿಗಳ ಷೇರಿಗೆ ಹಾಕಿದೆ. ಮರುದಿನ ಮತ ಎಣಿಕೆ. ಒಂದು ಕಡೆ ಟಿವಿ, ಇನ್ನೊಂದು ಕಡೆ ಫೋನ್. ಮಧ್ಯಾಹ್ನದ ಹೊತ್ತಿಗೆ ಕೈ ನಡುಗುತ್ತಿತ್ತು, ಎಲ್ಲವನ್ನೂ ಮಾರಿದೆ. 18,000 ನಷ್ಟ. ಆ ದಿನ ನಿಫ್ಟಿ ಹತ್ತಿರ ಹತ್ತಿರ ಆರು ಪರ್ಸೆಂಟ್ ಬಿದ್ದು 21,884ಕ್ಕೆ ಮುಗಿಯಿತು. ಶುಕ್ರವಾರ, ಜೂನ್ 7ಕ್ಕೆ, 23,290. ಮೂರೇ ದಿನದಲ್ಲಿ ಬಿದ್ದದ್ದೆಲ್ಲ ವಾಪಸ್. ನಾನು ಮತ್ತೆ ಕೊಂಡದ್ದು ಅದಾದ ಮೇಲೆ, ಧೈರ್ಯ ಬಂದಾಗ, ಜಾಸ್ತಿ ಬೆಲೆಗೆ. ಗೆಳೆಯ ಆ ವಾರ ತಂಗಿ ಮದುವೆಯ ಓಡಾಟದಲ್ಲಿದ್ದ. ಮಾರುಕಟ್ಟೆ ಬಿದ್ದದ್ದು ಅವನಿಗೆ ಗೊತ್ತಾದದ್ದು ನನ್ನಿಂದ.

ಅವನ ದಾರಿಯಲ್ಲಿ ಸಂಕಟವೇ ಇಲ್ಲ ಅಂತಲ್ಲ. 2024ರ ಸೆಪ್ಟೆಂಬರ್ ಕೊನೆಗೆ ನಿಫ್ಟಿ 26,000 ದಾಟಿದಾಗ ಅವನ ಹಣ 3,06,000 ಆಗಿತ್ತು. 2025ರ ಮಾರ್ಚ್ ಮೊದಲ ವಾರ ನಿಫ್ಟಿ 22,100ರ ಕೆಳಗೆ ಇಳಿದಾಗ ಅದೇ ಹಣ 2,60,000. ಐದು ತಿಂಗಳಲ್ಲಿ 46,000 ಕರಗಿತ್ತು. ಅವನ ಹೆಂಡತಿ ಕೇಳಿದರಂತೆ, “ಮೂರು ಲಕ್ಷ ಇದ್ದಾಗ ತೆಗೆದಿದ್ರೆ ಆಗ್ತಿರಲಿಲ್ವಾ?” ಅದಕ್ಕೆ ಅವನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇಲ್ಲ. ನಾವು ಶುರುಮಾಡಿದ ಸಮಯ ಚೆನ್ನಾಗಿತ್ತು ಅನ್ನುವುದೂ ನಿಜ. ಆ ಸೆಪ್ಟೆಂಬರ್‌ನಲ್ಲಿ ಹಾಕಿದ್ದರೆ ಆರು ತಿಂಗಳಾದರೂ ಅವನು ನಷ್ಟದಲ್ಲೇ ಇರುತ್ತಿದ್ದ.

2025ರ ಮಾರ್ಚ್ ಕೊನೆಗೆ ಕೂತು ಲೆಕ್ಕ ಮಾಡಿದೆವು. ಎರಡನೇ ವರ್ಷ ನನ್ನ ವ್ಯಾಪಾರದಲ್ಲಿ 9,000 ನಷ್ಟ, ಖರ್ಚು 12,000. ಸೋತ ವರ್ಷವೂ ಎಸ್‌ಟಿಟಿ ಬಿಡುವುದಿಲ್ಲ. ಕೈಯಲ್ಲಿದ್ದದ್ದು 2,05,000. ಅವನದು 2,76,000. ಒಂದು ವರ್ಷ ಮೀರಿ ಇಟ್ಟುಕೊಂಡು ಮಾರಿದರೆ ಬರುವ ಲಾಭಕ್ಕೆ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆಯಿಲ್ಲ, ಹಾಗಾಗಿ ಅವತ್ತೇ ಎಲ್ಲ ಮಾರಿದ್ದರೂ ಅವನಿಗೆ ಅಷ್ಟೂ ಸಿಗುತ್ತಿತ್ತು. ನನಗಿರುವ ಒಂದು ಸಮಾಧಾನ ಅಂದರೆ, ಗಡುವಿನೊಳಗೆ ರಿಟರ್ನ್ ಹಾಕಿದರೆ ಈ ನಷ್ಟವನ್ನು ಎಂಟು ವರ್ಷದವರೆಗೆ ಮುಂದಿನ ಲಾಭದಲ್ಲಿ ಕಳೆದುಕೊಳ್ಳಬಹುದು. ಆಡಿಟರ್‌ಗೆ ಹೇಳಿ ಹಾಕಿಸಿದ್ದೇನೆ.

ಈಗ ಒಂದೂವರೆ ಲಕ್ಷ ಅವನ ಫಂಡಿಗೇ ಹಾಕಿದ್ದೇನೆ. ಮಿಕ್ಕ 55,000 ಆಡಲು ಇಟ್ಟುಕೊಂಡಿದ್ದೇನೆ, ಚಟ ಪೂರ್ತಿ ಬಿಡುವುದಿಲ್ಲ ಅಲ್ವಾ. ಆ ಹಣಕ್ಕೆ ಒಂದು ನೋಟ್‌ಬುಕ್ ಇದೆ. ಮಾರಿದ ದಿನ ಎಡಗಡೆ ಆಪ್ ತೋರಿಸುವ ಲಾಭ, ಬಲಗಡೆ ಖರ್ಚೆಲ್ಲ ಕಳೆದು ಕೈಗೆ ಉಳಿಯುವ ಲಾಭ. ಎಡಗಡೆಯದು ಯಾವಾಗಲೂ ದೊಡ್ಡದು.