ಎರಡು ಸಲ ಕಡಿತವಾದ ಹಣ: ಬರೀ ಸ್ಕ್ರೀನ್‌ಶಾಟ್ ಕಳಿಸಿ ಸುಮ್ಮನೆ ಕೂರಬೇಡಿ

ಒಂದೇ ಪಾವತಿಗೆ ಎರಡು ಸಲ ಹಣ ಹೋಗಿ, ಅದರ ಸ್ಕ್ರೀನ್‌ಶಾಟ್ ತೆಗೆದು ಬ್ಯಾಂಕಿಗೆ ಕಳಿಸಿ, ಇನ್ನೇನು ವಾಪಸ್ ಬರುತ್ತೆ ಅಂತ ಕಾಯುತ್ತಿದ್ದರೆ ದಯವಿಟ್ಟು ಇದನ್ನು ಓದಿ. ನಾನೂ ಹಾಗೇ ಕಾದೆ. ಹಣ ವಾಪಸ್ ಬಂತು ಕೂಡ. ಆಮೇಲೆ ಬ್ಯಾಂಕೇ ಅದನ್ನು ಎಳೆದುಕೊಂಡಿತು.

ಆನ್‌ಲೈನ್‌ನಲ್ಲಿ ಕಾರ್ಡ್ ಬಳಸಿ ಪಾವತಿ ಮಾಡುತ್ತಿದ್ದೆ. ಒಟಿಪಿ ಹಾಕಿದ ಮೇಲೆ ಚಕ್ರ ತಿರುಗುತ್ತಲೇ ಇತ್ತು, ಕೊನೆಗೆ ಸಮಯ ಮುಗಿದಿದೆ ಅಂತ ಬಂತು. ಇನ್ನೊಮ್ಮೆ ಮಾಡಿದೆ, ಆರ್ಡರ್ ಆಯಿತು. ಆರ್ಡರ್ ಒಂದೇ. ಆದರೆ ಬ್ಯಾಂಕಿನ ಆ್ಯಪ್ ತೆರೆದರೆ ಒಂದರ ಕೆಳಗೊಂದು ಎರಡು ಸಾಲು. ಅದೇ ಹೆಸರು, ಅದೇ ಮೊತ್ತ, ನಡುವೆ ಎರಡೇ ನಿಮಿಷದ ಅಂತರ.

ಕೂಡಲೇ ಬ್ಯಾಂಕಿಗೆ ಬರೆದೆ. ನಾನು ಬರೆದದ್ದು ಇಷ್ಟೇ: "ಒಂದೇ ಮೊತ್ತ ಎರಡು ಸಲ ಕಡಿತವಾಗಿದೆ, ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ, ಒಂದನ್ನು ವಾಪಸ್ ಹಾಕಿ." ಈ ಮೂರು ತುಂಡು ಮಾತಿಗೆ ಈಗಲೂ ಪಶ್ಚಾತ್ತಾಪ ಪಡುತ್ತಿದ್ದೇನೆ.

ಮೊದಲ ಉತ್ತರ: "ಒಂದು ಪೆಂಡಿಂಗ್ ಇರಬಹುದು, ಕೆಲವು ದಿನ ಕಾಯಿರಿ." ಇದನ್ನು ತಪ್ಪೆನ್ನಲಾರೆ. ಕೆಲವೊಮ್ಮೆ ಬ್ಯಾಂಕ್ ಹಣವನ್ನು ಬರೀ ತಡೆಹಿಡಿದಿರುತ್ತದೆ, ವ್ಯಾಪಾರಿ ಅದನ್ನು ಪಡೆಯಲು ಲೆಕ್ಕ ಕಳಿಸದಿದ್ದರೆ ಆ ಸಾಲು ತಾನೇ ಅಳಿಸಿಹೋಗುತ್ತದೆ. ಕಾದೆ. ಅಳಿಸಲಿಲ್ಲ. ಎರಡೂ ಸ್ಟೇಟ್‌ಮೆಂಟಿಗೆ ಬಂದು ಕೂತವು. ಮತ್ತೆ ಅದೇ ಸ್ಕ್ರೀನ್‌ಶಾಟ್ ಕಳಿಸಿದೆ.

ಒಂದು ಬೆಳಗ್ಗೆ ಖಾತೆಗೆ ಹಣ ಬಂತು. ಜೊತೆಗೇ ಸಂದೇಶ: "ನಿಮ್ಮ ದೂರಿನ ಮೊತ್ತ ಜಮೆಯಾಗಿದೆ. ಸಮಸ್ಯೆ ಬಗೆಹರಿದಿದೆಯೇ?" ಹೌದು ಅಂತ ಒತ್ತಿದೆ. ಧನ್ಯವಾದ ಅಂತಲೂ ಬರೆದೆ. ಆ ಜಮೆಯ ಸಾಲಿನ ಮುಂದೆ PROV CR ಅಂತ ಇತ್ತು. ನೋಡಿದ್ದೆ, ಏನದು ಅಂತ ಕೇಳಲಿಲ್ಲ. ತಾತ್ಕಾಲಿಕ ಜಮೆ ಅಂತ ಅರ್ಥ. ತನಿಖೆ ಮುಗಿಯುವ ತನಕ ಕೊಟ್ಟಿರುವ ಹಣ, ಅಷ್ಟೇ. ಸಂದೇಶದಲ್ಲಿ ತಾತ್ಕಾಲಿಕ ಅನ್ನುವ ಒಂದೇ ಒಂದು ಪದ ಇರಲಿಲ್ಲ!

ಕೆಲವು ವಾರ ಕಳೆದ ಮೇಲೆ ಅಷ್ಟೂ ಹಣ ಮತ್ತೆ ಕಡಿತ. ಫೋನ್ ಮಾಡಿದೆ.

"ಸರ್, ವ್ಯಾಪಾರಿ ಎರಡೂ ವ್ಯವಹಾರಕ್ಕೆ ದಾಖಲೆ ಕೊಟ್ಟಿದ್ದಾರೆ."

"ನನ್ನನ್ನು ಯಾಕೆ ಕೇಳಲಿಲ್ಲ?"

"ನೀವೇ ಬಗೆಹರಿದಿದೆ ಅಂತ ಒತ್ತಿದ್ದೀರಲ್ಲ ಸರ್, ದೂರು ಕ್ಲೋಸ್ ಆಗಿದೆ."

ಕೈ ನಡುಗಿತು. ನನ್ನ ಹಣ, ನನ್ನ ದೂರು, ಅದನ್ನು ಮುಚ್ಚಿಸಿದ್ದೂ ನನ್ನದೇ ಬೆರಳು. ಮನೆಯಲ್ಲಿ ಹೇಳೋಕೂ ನಾಚಿಕೆಯಾಗಿ ಎರಡು ದಿನ ಸುಮ್ಮನಿದ್ದೆ.

ಮೂರನೇ ಸಲ ಫೋನ್ ಎತ್ತಿದವರು ಮಾತ್ರ ಸರಿಯಾಗಿ ಬಿಡಿಸಿ ಹೇಳಿದರು. ನಾವು ಪ್ರತಿ ಸಲ ಪಾವತಿ ಒತ್ತಿದಾಗ ಬ್ಯಾಂಕ್ ಒಪ್ಪಿಗೆಯ ಹೊಸ ಸಂಕೇತ ಕೊಡುತ್ತದೆ. ವ್ಯಾಪಾರಿ ಆ ಎರಡು ಸಂಕೇತ ತೋರಿಸಿದರೆ ಕಾಗದದ ಮೇಲೆ ಅದು ಎರಡು ಬೇರೆ ಬೇರೆ ಮಾರಾಟ. ನನ್ನ ಸ್ಕ್ರೀನ್‌ಶಾಟ್ ಹೇಳಿದ್ದೂ ಅದನ್ನೇ, ಎರಡು ವ್ಯವಹಾರ ನಡೆದಿದೆ ಅಂತ! ಎರಡು ಸಲ ಹಣ ಹೋಗಿದ್ದನ್ನು ಯಾರೂ ಅಲ್ಲಗಳೆದಿರಲಿಲ್ಲ. ಸಾಬೀತು ಮಾಡಬೇಕಾಗಿದ್ದದ್ದು ಆರ್ಡರ್ ಒಂದೇ ಅನ್ನುವುದನ್ನು. ಆ ಆರ್ಡರ್‌ನ ಇಮೇಲ್ ನನ್ನ ಇನ್‌ಬಾಕ್ಸಿನಲ್ಲೇ ಬಿದ್ದಿತ್ತು. ಕಳಿಸಿರಲಿಲ್ಲ. ಸ್ಕ್ರೀನ್‌ಶಾಟನ್ನೂ ಕತ್ತರಿಸಿದ್ದೆ, ರೆಫರೆನ್ಸ್ ಸಂಖ್ಯೆ ಒಂದೂ ಕಾಣುತ್ತಿರಲಿಲ್ಲ.

ಈಗ ಹೊಸದಾಗಿ ಬರೆದಿರುವ ಸಂದೇಶ ಹೀಗಿದೆ:

"ಈ ದಿನ, ಈ ಎರಡು ಸಮಯಕ್ಕೆ, ಒಂದೇ ಆರ್ಡರಿಗೆ ಎರಡು ಸಲ ಹಣ ಪಡೆಯಲಾಗಿದೆ. ಮೊದಲನೆಯ ಕಡಿತಕ್ಕೆ ನನಗೆ ಯಾವ ವಸ್ತುವೂ ಬಂದಿಲ್ಲ, ಆಕ್ಷೇಪ ಅದರ ಮೇಲೆ ಮಾತ್ರ. ಎರಡರ ರೆಫರೆನ್ಸ್ ಸಂಖ್ಯೆ, ಸ್ಟೇಟ್‌ಮೆಂಟ್, ಆರ್ಡರ್ ಇಮೇಲ್ ಲಗತ್ತಿಸಿದ್ದೇನೆ. ವ್ಯಾಪಾರಿ ಕೊಟ್ಟ ದಾಖಲೆಯ ಪ್ರತಿ ಕೊಡಿ. ಜಮೆ ಮಾಡಿದರೆ ತಾತ್ಕಾಲಿಕವೋ ಅಂತಿಮವೋ ಬರಹದಲ್ಲಿ ತಿಳಿಸಿ."

ಕಾರ್ಡ್ ಪಾವತಿ ಪೂರ್ತಿ ಲೆಕ್ಕಕ್ಕೆ ಸೇರಿದ್ದರೆ ಅದಕ್ಕೆ ARN ಅನ್ನುವ 23 ಅಂಕಿಯ ಸಂಖ್ಯೆ ಇರುತ್ತದೆ, ಬ್ಯಾಂಕನ್ನು ಕೇಳಿ ಪಡೆಯಿರಿ. ಎರಡು ಸಾಲಿಗೂ ಬೇರೆ ಬೇರೆ ARN ಸಿಕ್ಕಿದರೆ ಪೆಂಡಿಂಗ್ ಅನ್ನುವ ಮಾತಿಗೆ ಜಾಗವೇ ಇಲ್ಲ. ನನಗೆ ಎರಡೂ ಸಿಕ್ಕಿವೆ. ಇಂಥ ಆಕ್ಷೇಪಕ್ಕೆ ಗಡುವೂ ಇರುತ್ತದೆ, ವೀಸಾ ಕಾರ್ಡಿಗೆ 120 ದಿನ. ಪೆಂಡಿಂಗ್ ಪೆಂಡಿಂಗ್ ಅಂತ ಕಾಯಿಸುವಾಗಲೂ ಆ ದಿನಗಳು ಓಡುತ್ತಲೇ ಇರುತ್ತವೆ. ಬಗೆಹರಿದಿದೆಯೇ ಅಂತ ಕೇಳಿದರೆ, ಅಂತಿಮ ಅನ್ನುವ ಪದ ಕಾಣುವವರೆಗೆ ಒತ್ತಲೇಬೇಡಿ.

ನನ್ನ ದೂರು ಮತ್ತೆ ತೆರೆದಿದೆ. ಹಣ ಇನ್ನೂ ಬಂದಿಲ್ಲ. ನಿನ್ನೆ ಬಂದ ಉತ್ತರ: "ದಯವಿಟ್ಟು ಸ್ಕ್ರೀನ್‌ಶಾಟ್ ಕಳಿಸಿ."